ಫ್ರೀಸೆಲ್ 1ನೇ ಆಟ: ಎರಡು ಸಾಲು ಖಾಲಿ ಮಾಡಿದರೂ ಸಿಕ್ಕಿಹಾಕಿಕೊಳ್ಳುವುದು ಯಾಕೆ?

ಹೊಸ_ಕೈ
ವಿಂಡೋಸ್ ಫ್ರೀಸೆಲ್‌ನ 1ನೇ ನಂಬರ್ ಆಟ. ಎಲೆಗಳನ್ನು ಹೀಗೆ ಬರೆದುಕೊಂಡಿದ್ದೇನೆ. ಪ್ರತಿ ಸಾಲಿನ ಎಡಗಡೆ ಬುಡ, ಬಲಗಡೆ ಎತ್ತಬಹುದಾದ ತುದಿ. S ಇಸ್ಪೀಟ್, H ಆಟೀನ್, D ಡೈಮನ್, C ಕಳಾವರ್. T ಅಂದರೆ 10. ಸೆಲ್ ಅಂದರೆ ಒಂದೊಂದೇ ಎಲೆಯನ್ನು ತಾತ್ಕಾಲಿಕವಾಗಿ ಇಡುವ ನಾಲ್ಕು ಜಾಗ, ಮನೆ ಅಂದರೆ ಎಕ್ಕದಿಂದ ಶುರು ಮಾಡಿ ಏರಿಸುವ ನಾಲ್ಕು ರಾಶಿ.

```
1: JD KD 2S 4C 3S 6D 6S
2: 2D KC KS 5C TD 8S 9C
3: 9H 9S 9D TS 4S 8D 2H
4: JC 5S QD QH TH QS 6H
5: 5D AD JS 4H 8H 6C
6: 7H QC AS AC 2C 3D
7: 7C KH AH 4D JH 8C
8: 5H 3H 3C 7S 7D TC
```

ನಾನು ಆಡಿದ್ದು ಹೀಗೆ. ಮೊದಲು 6ನೇ ಸಾಲು: ಡೈಮನ್ 3 ಸೆಲ್‌ಗೆ, ಕಳಾವರ್ 2 ಒಂದು ಕ್ಷಣ ಸೆಲ್‌ಗೆ, ಕಳಾವರ್ ಎಕ್ಕ ಮನೆಗೆ, ಅದರ ಹಿಂದೆ 2, ಆಮೇಲೆ ಇಸ್ಪೀಟ್ ಎಕ್ಕ. ಕಳಾವರ್ ರಾಣಿ ಸೆಲ್‌ಗೆ, ಆಟೀನ್ 7 ಹೋಗಿ 7ನೇ ಸಾಲಿನ ಕಳಾವರ್ 8 ಮೇಲೆ. 6ನೇ ಸಾಲು ಖಾಲಿ. ನಂತರ 5ನೇ ಸಾಲು: ಕಳಾವರ್ 6 ಅನ್ನು ಆ ಆಟೀನ್ 7 ಮೇಲೆ, ಆಟೀನ್ 8 ಅನ್ನು 2ನೇ ಸಾಲಿನ ಕಳಾವರ್ 9 ಮೇಲೆ, ಆಟೀನ್ 4 ಮತ್ತು ಇಸ್ಪೀಟ್ ಗುಲಾಮ ಸೆಲ್‌ಗೆ, ಡೈಮನ್ ಎಕ್ಕ ಮನೆಗೆ, ಉಳಿದ ಡೈಮನ್ 5 ಕಳಾವರ್ 6 ಮೇಲೆ. ಅದೂ ಖಾಲಿ. ಎರಡು ಸಾಲು ಖಾಲಿ, ಮೂರು ಎಕ್ಕ ಮನೆಯಲ್ಲಿ.

ಆದರೆ 8ನೇ ಸಾಲಿಗೆ ಕೈ ಹಾಕಿದ ಮೇಲೆ ಕಟ್ಟಿಹೋಯಿತು. ಕಳಾವರ್ 10 ಒಂದು ಖಾಲಿ ಸಾಲಿಗೆ, ಡೈಮನ್ 7 ಇನ್ನೊಂದಕ್ಕೆ, ಇಸ್ಪೀಟ್ 7 ಆಟೀನ್ 8 ಮೇಲೆ, ಕಳಾವರ್ 3 ಮನೆಗೆ. 1ನೇ ಸಾಲಿನ ಇಸ್ಪೀಟ್ 6, ಡೈಮನ್ 6 ಎರಡಕ್ಕೂ ಜಾಗ ಸಿಕ್ಕಿತು. ಅದರ ಕೆಳಗಿನ ಇಸ್ಪೀಟ್ 3ಕ್ಕೆ ಸಿಗಲಿಲ್ಲ. ಒಂದೇ ಒಂದು ಜಾಗ ಇದ್ದಿದ್ದರೆ ಕಳಾವರ್ 4, ಇಸ್ಪೀಟ್ 2 ಎರಡೂ ಮನೆಗೆ ಹೋಗುತ್ತಿದ್ದವು. ಎಲ್ಲಿ ತಪ್ಪಿತು?

ರಾಜನಿಗೇ_ಸಾಲು
ತಪ್ಪು ಎದ್ದು ಕಾಣುತ್ತದೆ. ಖಾಲಿ ಸಾಲಿಗೆ ರಾಜನನ್ನು ಬಿಟ್ಟು ಬೇರೇನೂ ಇಡಬಾರದು. ನೀವು 10 ಒಂದರಲ್ಲಿ, 7 ಇನ್ನೊಂದರಲ್ಲಿ ಇಟ್ಟಿರಿ, ಅಲ್ಲಿಗೆ ಎರಡೂ ಹಾಳು. ಖಾಲಿ ಸಾಲನ್ನು ಕೊನೆಯವರೆಗೆ ಕಾಯ್ದಿಟ್ಟುಕೊಳ್ಳಿ.

ಸುಮ್ಮನೆ_ಓದುವವ
ಕೆಲವು ಆಟ ಗೆಲ್ಲುವುದೇ ಇಲ್ಲ ಅಂತ ಕೇಳಿದ್ದೇನೆ. ಇದೂ ಅದೇ ಜಾತಿಯದೇನೋ. ಮೂರು ಮೂರು ಎಲೆ ಬಿಚ್ಚುವ ಆಟದಲ್ಲಂತೂ ಎಷ್ಟೋ ಸಲ ಹಾಗೇ ಆಗುತ್ತದಲ್ಲ?

ನಾಲ್ಕನೇ_ಸೆಲ್
ಮೊದಲು ಸುಮ್ಮನೆ_ಓದುವವರಿಗೆ. ನೀವು ಹೇಳುತ್ತಿರುವುದು ಕ್ಲಾಂಡೈಕ್, ಅದರಲ್ಲಿ ಎಲೆ ಮುಚ್ಚಿರುತ್ತದೆ. ಇಲ್ಲಿ 52 ಎಲೆಯೂ ಮೊದಲೇ ಕಾಣುತ್ತದೆ, ಗೆಲ್ಲಲಾಗದ ಆಟ ತೀರಾ ಅಪರೂಪ. ಹಳೆಯ ವಿಂಡೋಸ್‌ನ 32,000 ಆಟಗಳನ್ನು 1994-95ರಲ್ಲಿ ಇಂಟರ್ನೆಟ್‌ನಲ್ಲಿ ಜನ ಹಂಚಿಕೊಂಡು ಆಡಿ ನೋಡಿದರು. ಕೊನೆಗೆ ಉಳಿದದ್ದು ಒಂದೇ, 11982. 1ನೇ ಆಟ ಖಂಡಿತ ಗೆಲ್ಲುತ್ತದೆ, ಕಷ್ಟದ್ದೂ ಅಲ್ಲ.

ಹೊಸ_ಕೈ ಅವರೇ, ನೀವು ಕಟ್ಟಿಕೊಂಡದ್ದು 8ನೇ ಸಾಲಿನಲ್ಲಿ ಅಲ್ಲ, ಅದಕ್ಕೂ ಮುಂಚೆ. ಆಟೀನ್ 4 ಎತ್ತಿ ಸೆಲ್‌ಗೆ ಹಾಕಿದಾಗಲೇ. ಆ ಹೊತ್ತಿನ ನಾಲ್ಕು ಸೆಲ್ ನೋಡಿ, ಒಂದೊಂದು ಎಲೆಗೂ ಕೇಳಿ: ನೀನು ಇಳಿಯುವುದು ಯಾವಾಗ?

ಡೈಮನ್ 3: ಅದು ಮನೆಗೆ ಹೋಗಬೇಕಾದರೆ ಡೈಮನ್ 2 ಬೇಕು. ಡೈಮನ್ 2 ಇರುವುದು 2ನೇ ಸಾಲಿನ ಬುಡದಲ್ಲಿ, ಅಂದರೆ ಆಟದ ಕೊನೆಯವರೆಗೂ ಇಲ್ಲ. ಇಸ್ಪೀಟ್ ಗುಲಾಮ: ಕೆಂಪು ರಾಣಿ ಎರಡೂ 4ನೇ ಸಾಲಿನ ನಡುವೆ, ಮುಟ್ಟಲು ಆಗುವುದಿಲ್ಲ. ಆಟೀನ್ 4: ಕಪ್ಪು 5 ಎರಡೂ ಆಳದಲ್ಲಿವೆ. ಇಳಿಯುವ ದಾರಿ ಹತ್ತಿರದಲ್ಲಿರುವುದು ಕಳಾವರ್ ರಾಣಿಗೆ ಮಾತ್ರ, 1ನೇ ಸಾಲಿನ ಡೈಮನ್ ರಾಜ ಬಯಲಾದರೆ. ಅದಕ್ಕೂ ನೀವು ಎತ್ತಲಾಗದ ಇಸ್ಪೀಟ್ 3 ಅಡ್ಡ.

ಇನ್ನೊಂದು ವಿಷಯ. ಆ ಇಸ್ಪೀಟ್ 3 ಕೂರಬಹುದಾಗಿದ್ದ ಜಾಗವೇ ಆಟೀನ್ 4. ಅದು ಸಾಲಿನ ತುದಿಯಲ್ಲಿದ್ದಷ್ಟು ಹೊತ್ತು ನಿಮಗೊಂದು ಕುರ್ಚಿ. ಸೆಲ್‌ಗೆ ಎತ್ತಿದಿರಿ, ಕುರ್ಚಿಯೂ ಹೋಯಿತು, ಒಂದು ಸೆಲ್ಲೂ ಹೋಯಿತು. ಡೈಮನ್ ಎಕ್ಕಕ್ಕಾಗಿ ಅಷ್ಟು ಅವಸರ ಬೇಕಿರಲಿಲ್ಲ. ಅದರ 2 ಕೊನೆಗೆ ಬರುವುದಾದರೆ ಎಕ್ಕ ಮನೆಗೆ ಹೋಗಿ ಮಾಡುವುದೇನು?

ಸರಿಯಾದ ದಾರಿ: ನಿಮ್ಮ ಆಟೀನ್ 8 ಕಳಾವರ್ 9 ಮೇಲೆ ಹೋಗುವವರೆಗೆ ಎಲ್ಲ ಸರಿ. ಅಲ್ಲಿ ಸೆಲ್‌ನಲ್ಲಿ ಎರಡೇ ಎಲೆ, 6ನೇ ಸಾಲು ಖಾಲಿ. ಅಲ್ಲಿಂದ 5ನೇ ಸಾಲನ್ನು ಬಿಟ್ಟು ನೇರ 8ನೇ ಸಾಲಿಗೆ ಬನ್ನಿ. ಕಳಾವರ್ 10 ಸೆಲ್‌ಗೆ, ಡೈಮನ್ 7 ಖಾಲಿ ಸಾಲಿಗೆ, ಇಸ್ಪೀಟ್ 7 ಆಟೀನ್ 8 ಮೇಲೆ, ಕಳಾವರ್ 3 ಮನೆಗೆ. ಇಸ್ಪೀಟ್ 6 ಡೈಮನ್ 7 ಮೇಲೆ, ಡೈಮನ್ 6 ಇಸ್ಪೀಟ್ 7 ಮೇಲೆ. ಈಗ ಇಸ್ಪೀಟ್ 3 ಅನ್ನು 5ನೇ ಸಾಲಿನ ಆಟೀನ್ 4 ಮೇಲೆ ಕೂರಿಸಿ. ಕಳಾವರ್ 4 ಮನೆಗೆ, ಇಸ್ಪೀಟ್ 2 ಮನೆಗೆ. 1ನೇ ಸಾಲಿನಲ್ಲಿ ಡೈಮನ್ ರಾಜ ಬಯಲು, ಕಳಾವರ್ ರಾಣಿ ಸೆಲ್‌ನಿಂದ ಇಳಿದು ಅವನ ಮೇಲೆ. ಸೆಲ್‌ನಲ್ಲಿ ಉಳಿದದ್ದು ಡೈಮನ್ 3 ಮತ್ತು ಕಳಾವರ್ 10 ಮಾತ್ರ.

ಹೊಸ_ಕೈ
ಅಬ್ಬಾ, ಇಳಿಯುವ ದಾರಿ ನೋಡದೆ ಎತ್ತಿದ್ದೇ ತಪ್ಪು. ಈಗ 8ನೇ ಸಾಲಿನಲ್ಲಿ ಆಟೀನ್ 5, 3 ಎರಡೇ ಉಳಿದವು. 3 ಸೆಲ್‌ಗೆ ಹಾಕಿ 5 ಅನ್ನು ಇಸ್ಪೀಟ್ 6 ಮೇಲೆ ಇಟ್ಟೆ, 8ನೇ ಸಾಲು ಖಾಲಿ. ಆಟೀನ್ ಎಕ್ಕ ತೆಗೆಯಲು 7ನೇ ಸಾಲಿನ ಕಳಾವರ್ 8, ಆಟೀನ್ 7, ಕಳಾವರ್ 6 ಮೂರನ್ನೂ ಆ ಖಾಲಿ ಸಾಲಿಗೆ ಎತ್ತಿಡಲು ನೋಡಿದೆ, ಆ್ಯಪ್ ಬಿಡಲಿಲ್ಲ. ಒಂದು ಸೆಲ್ ಖಾಲಿ, ಒಂದು ಸಾಲು ಖಾಲಿ ಇದ್ದರೆ ನಾಲ್ಕು ಎಲೆ ಹೋಗಬೇಕಲ್ಲ?

ನಾಲ್ಕನೇ_ಸೆಲ್
ನಾಲ್ಕು ಹೋಗುವುದು ಎಲೆ ಇರುವ ಇನ್ನೊಂದು ಸಾಲಿಗೆ. ಆ್ಯಪ್ ಒಮ್ಮೆಗೇ ಎತ್ತಿದಂತೆ ತೋರಿಸಿದರೂ ಒಳಗೆ ಒಂದೊಂದೇ ಎಲೆ ಸರಿಯುತ್ತದೆ. ಖಾಲಿ ಸೆಲ್ ಎಷ್ಟೋ ಅದಕ್ಕೆ ಒಂದು ಸೇರಿಸಿ, ದಾರಿಯಲ್ಲಿ ಇಳಿಸಿಕೊಳ್ಳಲು ಖಾಲಿ ಸಾಲಿದ್ದರೆ ಪ್ರತಿ ಸಾಲಿಗೂ ಎರಡರಷ್ಟು. ಆದರೆ ನೀವು ಹೋಗುತ್ತಿರುವುದೇ ಆ ಖಾಲಿ ಸಾಲಿಗೆ. ಅದು ತಲುಪುವ ಜಾಗ, ಮಧ್ಯದ ತಂಗುದಾಣ ಆಗುವುದಿಲ್ಲ. ಆದ್ದರಿಂದ ಎರಡೇ ಎಲೆ. ಲೆಕ್ಕ ಹಾಕುವಾಗ ಬಹಳ ಜನ ಎಡವುವುದು ಇಲ್ಲೇ. ನಾಲ್ಕು ಹೆಜ್ಜೆ ಮುಂದೆ ಸರಿಯಾಗಿ ಯೋಚಿಸಿ ಬಂದಿರುತ್ತಾರೆ, ಕೊನೆಯ ಹೆಜ್ಜೆಯ ಎಣಿಕೆ ತಪ್ಪಿರುತ್ತದೆ.

ಈಗ ರಾಜನಿಗೇ_ಸಾಲು ಅವರ ಮಾತಿಗೆ. ಈ ಖಾಲಿ ಸಾಲಿಗೆ ನಾನು ಇಡುವುದು ಸೆಲ್‌ನಲ್ಲಿರುವ ಕಳಾವರ್ 10. ಯಾಕೆ ಅಂತ 3ನೇ ಸಾಲು ನೋಡಿ: ತುದಿಯಿಂದ ಆಟೀನ್ 2, ಡೈಮನ್ 8, ಇಸ್ಪೀಟ್ 4, ಇಸ್ಪೀಟ್ 10, ಆಮೇಲೆ ಡೈಮನ್ 9. ಆ 9 ಬಂದು ಕಳಾವರ್ 10 ಮೇಲೆ ಕೂತರೆ, ನೀವು ಎತ್ತಲು ಒದ್ದಾಡಿದ ಕಳಾವರ್ 8 ಸರಣಿ ಅದರ ಮೇಲೆ ಕೂರುತ್ತದೆ. ಖಾಲಿ ಸಾಲಿಗೆ ಯಾವ ಎಲೆ ಅನ್ನುವುದನ್ನು ಅದರ ಹಿಂದೆ ಬರುವ ಎಲೆಗಳು ನಿರ್ಧರಿಸುತ್ತವೆ. ಆಗಲೇ ರಾಣಿ ಕೂತಿರುವ ಡೈಮನ್ ರಾಜನನ್ನು ಬಿಟ್ಟರೆ ಈ ಹೊತ್ತಿನಲ್ಲಿ ಇಡಲು ಯಾವ ರಾಜ ಸಿಗುತ್ತಾನೆ? ಕಪ್ಪು ರಾಜರಿಬ್ಬರೂ 2ನೇ ಸಾಲಿನ ಬುಡದ ಹತ್ತಿರ, ಆಟೀನ್ ರಾಜ 7ನೇ ಸಾಲಿನ ಆಳದಲ್ಲಿ.

ಬಿಡಿಸಿ ಹೇಳುತ್ತೇನೆ. ಕಳಾವರ್ 10 ಖಾಲಿ ಸಾಲಿಗೆ ಇಳಿದಾಗ ಸೆಲ್‌ನಲ್ಲಿ ಡೈಮನ್ 3, ಆಟೀನ್ 3. ಆಟೀನ್ 2 ಅನ್ನು 5ನೇ ಸಾಲಿನ ಇಸ್ಪೀಟ್ 3 ಮೇಲೆ ಇಡಿ. ಡೈಮನ್ 8 ಸೆಲ್‌ಗೆ. ಇಸ್ಪೀಟ್ 4 ಹೋಗಿ ಆಟೀನ್ 5 ಮೇಲೆ, ಅದರ ಮೇಲೆ ಸೆಲ್‌ನ ಡೈಮನ್ 3. ಇಸ್ಪೀಟ್ 10 ಸೆಲ್‌ಗೆ. ಡೈಮನ್ 9 ಕಳಾವರ್ 10 ಮೇಲೆ. ಈಗ 3ನೇ ಸಾಲಿನಲ್ಲಿ ಇಸ್ಪೀಟ್ 9 ಬಯಲಾಯಿತು, ಡೈಮನ್ 8 ಸೆಲ್‌ನಿಂದ ಇಳಿದು ಅದರ ಮೇಲೆ. ಎರಡು ಸೆಲ್ ಖಾಲಿ, ಅಂದರೆ ಮೂರು ಎಲೆ ಎತ್ತಬಹುದು. ಕಳಾವರ್ 8, ಆಟೀನ್ 7, ಕಳಾವರ್ 6 ಸರಿಯಾಗಿ ಮೂರೇ. ಹೋಯಿತು.

ಪೇಡಾನಗರಿ
ನೋಡ್ರಿ ಸರ, ನಾ ಇದನ್ನs ಫೋನಿನ್ಯಾಗ ಹಂಗs ಆಡಿ ನೋಡಿದೆ. ಇಸ್ಪೀಟ್ 2 ಮನಿಗಿ ಹೋತು ಅನ್ನೂದ್ರಾಗ ಹಿಂದಿಂದs ಇಸ್ಪೀಟ್ 3 ಸೈತ ತಾನs ಹಾರಿ ಮನಿಗಿ ಹೋತು. ಆಟೀನ್ 2 ಇಡಾಕ ಜಾಗಾ ಇಲ್ಲ, ಸೆಲ್‌ಗೆ ಹಾಕಬೇಕಾತು. ಡೈಮನ್ 8 ಎತ್ತಿದ ಕೂಡ್ಲೆ ಇಸ್ಪೀಟ್ 4 ಸೈತ ತಾನs ಮನಿಗಿ ಹೋತು, ಡೈಮನ್ 3 ಇಳ್ಯಾಕ ಜಾಗಾ ಉಳೀಲಿಲ್ಲ. ನಾಲ್ಕೂ ಸೆಲ್ ತುಂಬಿ ಇಸ್ಪೀಟ್ 10 ಎತ್ತಾಕ ಆಗವಲ್ದು. ನಾ ಏನರ ತಪ್ಪಿದ್ನೇನ್ರಿ?

ನಾಲ್ಕನೇ_ಸೆಲ್
ನೀವು ತಪ್ಪಿಲ್ಲ, ಆ್ಯಪ್ ಅವಸರ ಮಾಡಿತು. ಹಳೆಯ ವಿಂಡೋಸ್ ಆಟದಲ್ಲಿ ಇಸ್ಪೀಟ್ 3 ತಾನಾಗಿ ಹೋಗುವುದು ಕೆಂಪು 2 ಎರಡೂ ಮನೆ ಸೇರಿದ ಮೇಲೆ. ಯಾಕೆಂದರೆ ಅಲ್ಲಿಯವರೆಗೆ ಕೆಂಪು 2ಕ್ಕೆ ಈ 3 ಬೇಕಾಗಬಹುದು, ಇಲ್ಲಿ ಬೇಕಾಗಿದ್ದೂ ಅದಕ್ಕೇ. ಕೆಲವು ಫೋನ್ ಆ್ಯಪ್‌ಗಳು ಈ ಎಚ್ಚರ ಇಟ್ಟುಕೊಳ್ಳುವುದಿಲ್ಲ, ಹೋಗಬಹುದಾದ ಎಲೆಯನ್ನೆಲ್ಲ ಮನೆಗೆ ತಳ್ಳುತ್ತವೆ. ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿ. ಕೈಯಲ್ಲೇ ಮನೆಗೆ ಕಳಿಸುವಾಗಲೂ ಇದೇ ಲೆಕ್ಕ: ಎದುರು ಬಣ್ಣದ ಒಂದು ಕಡಿಮೆ ಎಲೆ ಎರಡೂ ಮನೆಯಲ್ಲಿದ್ದರೆ ಧೈರ್ಯವಾಗಿ ಕಳಿಸಿ, ಇಲ್ಲದಿದ್ದರೆ ಒಮ್ಮೆ ನೋಡಿ.

ಪೇಡಾನಗರಿ
ಆಫ್ ಮಾಡಿದ್ಯಾ. ಕಳಾವರ್ 8ರ ಮೂರೂ ಎಲಿ ಹೋದುವು ನೋಡ್ರಿ. ಅಂದ್ರ ಕಳಾವರ್ 3, 4 ಸೈತ ಹಿಡ್ಕೋಬೇಕಿತ್ತೇನ್ರಿ? ಅವನ್ನ ಮಾತ್ರ ಲಗೂನ ಮನಿಗಿ ಕಳಿಸಿಬಿಟ್ಟೀವಲ್ಲ.

ನಾಲ್ಕನೇ_ಸೆಲ್
ಒಳ್ಳೆಯ ಪ್ರಶ್ನೆ. ಅವನ್ನು ಕಳಿಸದೆ ಬೇರೆ ದಾರಿಯಿಲ್ಲ. ಕಳಾವರ್ 3 ಆಗ ಕೂರುವುದಿದ್ದರೆ ಆಟೀನ್ 4 ಮೇಲೆ ಕೂರಬೇಕು, ಆ ಕುರ್ಚಿ ಇಸ್ಪೀಟ್ 3ಕ್ಕೆ ಬೇಕು. ಕಳಾವರ್ 4 ಕೂರಲು ಆ ಹೊತ್ತಿಗೆ ಕೆಂಪು 5 ಯಾವುದೂ ಬಯಲಾಗಿಲ್ಲ. ಒಂದೊಂದು ಎಲೆಗೂ ಬೇರೆ ಉತ್ತರ, ಅದಕ್ಕೇ ತಾನಾಗಿ ಹೋಗುವುದನ್ನು ನಂಬಬಾರದು ಅಂದದ್ದು.

ಮುಂದಿನದು. 7ನೇ ಸಾಲಿನ ಆಟೀನ್ ಗುಲಾಮ 1ನೇ ಸಾಲಿನ ಕಳಾವರ್ ರಾಣಿ ಮೇಲೆ, ಅವನ ಮೇಲೆ ಸೆಲ್‌ನ ಇಸ್ಪೀಟ್ 10. ಡೈಮನ್ 4 ಸೆಲ್‌ಗೆ. ಆಟೀನ್ ಎಕ್ಕ ಸಿಕ್ಕಿತು. ಅದರ ಹಿಂದೆ 5ನೇ ಸಾಲಿನ ಆಟೀನ್ 2, ಸೆಲ್‌ನ ಆಟೀನ್ 3 ಮನೆಗೆ. ಇಸ್ಪೀಟ್ 3 ಈಗ ಹೋಗಲಿ, ಅದರ ಕೆಲಸ ಮುಗಿಯಿತು. ಆಟೀನ್ 4 ಕೂಡ ಹೋಗುತ್ತದೆ. ಹೊಸ_ಕೈ ಅವರು ಮೊದಲೇ ಎತ್ತಲು ಹೋದ ಇಸ್ಪೀಟ್ ಗುಲಾಮನನ್ನು ಈಗ ಸೆಲ್‌ಗೆ ಎತ್ತಿ, ಡೈಮನ್ ಎಕ್ಕ ಮನೆಗೆ, ಡೈಮನ್ 5 ಕಳಾವರ್ 6 ಮೇಲೆ. 5ನೇ ಸಾಲು ಖಾಲಿ. ಚಿತ್ರ ಹೀಗಿರಬೇಕು:

```
1: JD KD QC JH TS
2: 2D KC KS 5C TD 8S 9C 8H 7S 6D
3: 9H 9S 8D
4: JC 5S QD QH TH QS 6H
5:
6: 7D 6S 5H 4S 3D
7: 7C KH
8: TC 9D 8C 7H 6C 5D
cells: 4D JS
```

ಹೊಸ_ಕೈ
ಹೀಗೇ ಇದೆ. 2ನೇ ಸಾಲು ಹತ್ತು ಎಲೆ ಉದ್ದ ಆಗಿಬಿಟ್ಟಿದೆ, ಡೈಮನ್ 2 ಅದರ ಬುಡದಲ್ಲಿ. ಅದನ್ನು ನೋಡಿದರೆ ಭಯ ಆಗುತ್ತದೆ. ಅದನ್ನೇ ಮೊದಲು ಬಿಚ್ಚಬೇಕಲ್ಲವೇ?

ನಾಲ್ಕನೇ_ಸೆಲ್
ಇಲ್ಲ, ಮೊದಲು 4ನೇ ಸಾಲು. ಉದ್ದ ನೋಡಿ ಹೆದರಬೇಡಿ. 2ನೇ ಸಾಲಿನ ಕೊನೆಯ ನಾಲ್ಕು ಎಲೆ, ಕಳಾವರ್ 9ರಿಂದ ಡೈಮನ್ 6ರವರೆಗೆ, ಸರಿಯಾದ ಸರಣಿ. ಕೆಂಪು 10 ಒಂದು ತುದಿಯಲ್ಲಿ ಸಿಕ್ಕರೆ ಒಟ್ಟಿಗೆ ಎತ್ತಬಹುದು. ಆ ಆಟೀನ್ 10 ಇರುವುದು 4ನೇ ಸಾಲಿನಲ್ಲಿ.

ಆಟೀನ್ ರಾಜ ಖಾಲಿ 5ನೇ ಸಾಲಿಗೆ. ಕಳಾವರ್ 7 ಡೈಮನ್ 8 ಮೇಲೆ, 7ನೇ ಸಾಲು ಖಾಲಿ. ಆಟೀನ್ 6 ಆ ಕಳಾವರ್ 7 ಮೇಲೆ, ಇಸ್ಪೀಟ್ ರಾಣಿ ಆಟೀನ್ ರಾಜನ ಮೇಲೆ. ಆಟೀನ್ 10 ಒಂದು ಕ್ಷಣ ಸೆಲ್‌ಗೆ, ಆಟೀನ್ ರಾಣಿ 7ನೇ ಸಾಲಿಗೆ, ಅವಳ ಮೇಲೆ ಸೆಲ್‌ನ ಇಸ್ಪೀಟ್ ಗುಲಾಮ, ಅವನ ಮೇಲೆ ಆಟೀನ್ 10. ಸೆಲ್‌ನಲ್ಲಿ ಡೈಮನ್ 4 ಒಂದೇ. ಡೈಮನ್ ರಾಣಿ ಸೆಲ್‌ಗೆ, ಇಸ್ಪೀಟ್ 5 ಆಟೀನ್ 6 ಮೇಲೆ, ಅದರ ಮೇಲೆ ಡೈಮನ್ 4. ಕಳಾವರ್ ಗುಲಾಮನನ್ನು ಎತ್ತಿ, ಡೈಮನ್ ರಾಣಿಯನ್ನು ಆ ಸಾಲಿಗೆ ಇಳಿಸಿ, ಗುಲಾಮನನ್ನು ಅವಳ ಮೇಲೆ ಇಡಿ. ನಾಲ್ಕೂ ಸೆಲ್ ಖಾಲಿ.

ಈಗ ಕಳಾವರ್ 9ರ ಸರಣಿ ನಾಲ್ಕೂ ಆಟೀನ್ 10 ಮೇಲೆ. ಇಸ್ಪೀಟ್ 8 ಸೆಲ್‌ಗೆ, ಡೈಮನ್ 10 ಕಳಾವರ್ ಗುಲಾಮನ ಮೇಲೆ, ಕಳಾವರ್ 5 ಮನೆಗೆ, ರಾಜರಿಬ್ಬರೂ ಸೆಲ್‌ಗೆ, ಡೈಮನ್ 2 ಮನೆಗೆ. ಉಳಿದವು ಒಂದರ ಹಿಂದೆ ಒಂದು ಹೋಗುತ್ತವೆ.

ಹೊಸ_ಕೈ
ಮುಗಿಯಿತು! ನಾಲ್ಕು ಮನೆಯೂ ತುಂಬಿತು. ಧನ್ಯವಾದ ಸರ್.

ಕಳಾವರ್_ರಾಣಿ
ತಡವಾಗಿ ಓದಿದೆ. ಆಟ ಸರಿಯಾಗಿದೆ, ಆದರೆ 6ನೇ ಸಾಲನ್ನು ಮೊದಲಿಗೆ ಖಾಲಿ ಮಾಡಬೇಕಾಗಿಯೇ ಇರಲಿಲ್ಲ. ಕಳಾವರ್ ರಾಣಿಯನ್ನು ಎತ್ತಿದ ಮೇಲೆ ಆಟೀನ್ 7 ಅಲ್ಲೇ ಇರಲಿ. ಕಳಾವರ್ 6 ಅಲ್ಲಿಗೇ ಬಂದು ಅದರ ಮೇಲೆ ಕೂರಲಿ. ಆಮೇಲೆ ಕಳಾವರ್ 10 ಎತ್ತಿದಾಗ ಡೈಮನ್ 7ಕ್ಕೆ ಖಾಲಿ ಸಾಲು ಬೇಡ, ಅದು 7ನೇ ಸಾಲಿನ ಕಳಾವರ್ 8 ಮೇಲೆ ಹೋಗುತ್ತದೆ. ಇಸ್ಪೀಟ್ 6 ಅದರ ಮೇಲೆ. ಉಳಿದದ್ದೆಲ್ಲ ನಿಮ್ಮದೇ ದಾರಿ, ಒಂದು ನಡೆ ಕಡಿಮೆ.

ಒಂದೇ ಎಚ್ಚರ: ಆಟೀನ್ 5 ಅನ್ನು 6ನೇ ಸಾಲಿನ ಕಳಾವರ್ 6 ಮೇಲೆ ಇಡಬೇಕು, 7ನೇ ಸಾಲಿನ ಇಸ್ಪೀಟ್ 6 ಮೇಲೆ ಅಲ್ಲ. ಅಲ್ಲಿಟ್ಟರೆ ಅದರ ಹಿಂದೆ ಇಸ್ಪೀಟ್ 4, ಡೈಮನ್ 3 ಕೂಡ ಅಲ್ಲೇ ಏರುತ್ತವೆ. ಆಗ ಡೈಮನ್ 9 ಮೇಲೆ ಮೂರರ ಬದಲು ಆರು ಎಲೆ ಎತ್ತಬೇಕು, ಎರಡು ಸೆಲ್‌ನಲ್ಲಿ ಆಗುವ ಮಾತಲ್ಲ. ಎರಡೂ ಕಪ್ಪು 6, ನೋಡಲು ಎರಡೂ ಒಂದೇ ಥರ. ಆದರೆ ಒಂದು ಸಾಲು ಮುಂದೆ ಎತ್ತಬೇಕಾದ್ದು, ಇನ್ನೊಂದು ಅಲ್ಲೇ ಇರುವಂಥದ್ದು. ಎತ್ತಬೇಕಾದ ಸರಣಿಯನ್ನು ಉದ್ದ ಮಾಡಬೇಡಿ.

ರಾಜನಿಗೇ_ಸಾಲು
ಹಾಗಾದರೆ ನನ್ನ ಮಾತೇ ನಿಂತಿತಲ್ಲ! ಖಾಲಿ ಸಾಲಿಗೆ 7 ಇಡದೆಯೇ ಆಟ ಹೋಯಿತು.

ಕಳಾವರ್_ರಾಣಿ
7 ವಿಷಯದಲ್ಲಿ ಸರಿ. ಆದರೆ 8ನೇ ಸಾಲಿಗೆ ಕಳಾವರ್ 10 ಇಡಲೇಬೇಕು, ಈ ದಾರಿಯಲ್ಲೂ. ಅದನ್ನು ಇಡದೆ ಡೈಮನ್ 9 ಎಲ್ಲಿಗೆ ಹೋಗುತ್ತದೆ ಹೇಳಿ?

ನಾಲ್ಕನೇ_ಸೆಲ್
ಕಳಾವರ್_ರಾಣಿಯವರದ್ದು ಅಚ್ಚುಕಟ್ಟಾದ ದಾರಿ, ಒಪ್ಪಿದೆ. ಆದರೂ ಆಟೀನ್ 7 ಎತ್ತುವುದನ್ನು ತಪ್ಪು ಅನ್ನಲಾರೆ. ಮುಂದಿನ ಹತ್ತು ನಡೆ ಕಾಣದವರಿಗೆ ಒಂದು ಖಾಲಿ ಸಾಲು ಕೈಯಲ್ಲಿದ್ದರೆ ತಪ್ಪನ್ನು ತಿದ್ದಿಕೊಳ್ಳಲು ಜಾಗ ಇರುತ್ತದೆ.

ಕಳಾವರ್_ರಾಣಿ
ಅಲ್ಲಿ ನಾನು ಒಪ್ಪುವುದಿಲ್ಲ. ಆಟೀನ್ ಎಕ್ಕದ ಮೇಲೆ ಇನ್ನೊಂದು ಎಲೆ ಹೇರಿ ಪಡೆದ ಖಾಲಿ ಸಾಲು ಅದು. ಬಳಕೆ ಗೊತ್ತಿಲ್ಲದೆ ಖಾಲಿ ಮಾಡಿದ್ದಕ್ಕೇ ಹೊಸ_ಕೈ ಅವರು ಎರಡು ಖಾಲಿ ಸಾಲು ಇಟ್ಟುಕೊಂಡು ನಿಂತದ್ದು.

ಪೇಡಾನಗರಿ
ನನಗ ಒಂದು ಹೇಳ್ರಿ. ಡೈಮನ್ 3 ಮೊದಲ ನಡಿಗೇ ಸೆಲ್‌ನ್ಯಾಗ ಕೂತದ್ದು ಇಸ್ಪೀಟ್ 4 ಸಿಗೂ ತನಕಾ ಇಳೀಲಿಲ್ಲ. ಅಷ್ಟೊತ್ತು ಮೂರs ಸೆಲ್‌ನ್ಯಾಗ ಆಡಿಧಂಗಾತು. ಮೊದಲs 3ನೇ ಸಾಲಿಗೆ ಹೋಗಿ ಆಟೀನ್ 2, ಡೈಮನ್ 8 ಎತ್ತಿ ಇಸ್ಪೀಟ್ 4 ತೆರೆದು, ಅದರ ಮ್ಯಾಲ ಡೈಮನ್ 3 ಇಟ್ಟು ಶುರು ಮಾಡಿದ್ರ?

ನಾಲ್ಕನೇ_ಸೆಲ್
ಡೈಮನ್ 3 ಇಳಿಯುತ್ತದೆ, ಕಳಾವರ್ 2 ಅದರ ಮೇಲೆ ಕೂರುತ್ತದೆ, ಎಕ್ಕಗಳೂ ಬರುತ್ತವೆ. ಆದರೆ ಆಟೀನ್ 2, ಡೈಮನ್ 8 ಎರಡನ್ನೂ ಸೆಲ್‌ಗೆ ಹಾಕಿದರೆ ಎರಡು ಸೆಲ್ ಹಿಡಿದು ಕೂತಿರುತ್ತವೆ. 8ಕ್ಕೆ ಬೇಕಾದ ಕಳಾವರ್ 9 ತುದಿಯಲ್ಲೇ ಇದೆ, ಹಾಗಾಗಿ ಅದನ್ನು ನೇರ ಅಲ್ಲಿಗೇ ಇಡಬಹುದು. ಆಗ 5ನೇ ಸಾಲಿನ ಆಟೀನ್ 8ಕ್ಕೆ ಜಾಗ ಹೋಯಿತು. ಇಸ್ಪೀಟ್ 7 ಮಾತ್ರ ಡೈಮನ್ 8 ಮೇಲೂ ಕೂರುತ್ತದೆ. ಇದನ್ನು ಕೊನೆಯವರೆಗೆ ಆಡಿ ನೋಡಿಲ್ಲ. ಆಟೀನ್ 8 ಇಳಿಯದೆ ಆಟೀನ್ 4 ಬಯಲಾಗುವುದಿಲ್ಲ, ಇಸ್ಪೀಟ್ 3 ಎಲ್ಲಿ ಕೂರುತ್ತದೆ ಅನ್ನುವುದೇ ನನಗೆ ಕಾಣುತ್ತಿಲ್ಲ. ಯಾರಾದರೂ ಆಡಿ ನಡೆಗಳನ್ನು ಇಲ್ಲಿ ಹಾಕಿ.